ಕಾಲಾವಕಾಶ ಕೋರುವ ಮಿಂಚಂಚೆ: ತಿದ್ದಿದ ಕರಡು

ಚಿತ್ರಾ,

ನಿನ್ನ ಕರಡನ್ನು ತಿದ್ದಿದ್ದೇನೆ. ಅರ್ಧಕ್ಕಿಂತ ಹೆಚ್ಚನ್ನು ಹೊಡೆದುಹಾಕಿರುವುದರಿಂದ ಕಾರಣವನ್ನೂ ಹೇಳಬೇಕಾಗಿದೆ. ನೀನು ಬರೆದದ್ದು ಹೀಗಿತ್ತು:

«ಪರಮಪೂಜ್ಯ ಗುರುಗಳಿಗೆ ಅನಂತ ನಮಸ್ಕಾರಗಳು. ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಬೇಡುತ್ತೇನೆ. ತೀವ್ರ ಅನಾರೋಗ್ಯದ ನಿಮಿತ್ತ ಪ್ರಬಂಧವನ್ನು ಪೂರ್ಣಗೊಳಿಸಲು ಆಗಲಿಲ್ಲ. ದಯಮಾಡಿ ಇನ್ನು ಸ್ವಲ್ಪ ದಿನ ಕಾಲಾವಕಾಶ ಕರುಣಿಸಿದರೆ ತಮ್ಮ ಉಪಕಾರವನ್ನು ಜನ್ಮವಿಡೀ ಮರೆಯುವುದಿಲ್ಲ. ಇಲ್ಲವೆನ್ನಬೇಡಿ.»

ಮೊದಲು ತಿದ್ದಿದ್ದು ‘ತೀವ್ರ ಅನಾರೋಗ್ಯ’ ಎಂಬುದನ್ನು. ಎರಡು ದಿನ ಜ್ವರವಿತ್ತು, ಆದರೆ ಕೆಲಸ ನಿಂತದ್ದು ಸಂದರ್ಶನಗಳ ಧ್ವನಿಮುದ್ರಣವನ್ನು ಕೇಳಿ ಕೇಳಿ ಬರೆದುಕೊಳ್ಳುವುದರಲ್ಲಿ ಎಂದು ಫೋನಿನಲ್ಲಿ ನೀನೇ ಹೇಳಿದ್ದೆ. ನಾನು ಇದನ್ನು ತೆಗೆದದ್ದು ಜ್ವರವನ್ನು ದೊಡ್ಡದು ಮಾಡಿದರೆ ವೈದ್ಯರ ಪತ್ರ ಕೇಳಿಯಾರು ಎಂಬ ಅಂಜಿಕೆಯಿಂದಲ್ಲ. ನಿಜವಾದ ಕಾರಣವೇ ಹೆಚ್ಚು ನಂಬಿಕೆಗೆ ಅರ್ಹವಾಗಿದೆ. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ಹಲವು ಗಂಟೆ ಹಿಡಿಯುತ್ತದೆ ಎಂಬುದು ಕ್ಷೇತ್ರಾಧ್ಯಯನ ಮಾಡಿಸುವ ಅಧ್ಯಾಪಕರಿಗೆ ಚೆನ್ನಾಗಿ ಗೊತ್ತಿರುತ್ತದೆ. ಜ್ವರವೂ ನಿಜವೇ ಆದ್ದರಿಂದ ಅದಕ್ಕೆ ತಕ್ಕಷ್ಟು ಜಾಗ ಕೊಟ್ಟು ಉಳಿಸಿಕೊಂಡಿದ್ದೇನೆ.

‘ಇನ್ನು ಸ್ವಲ್ಪ ದಿನ’ ಎಂದು ಬರೆದರೆ ಎಷ್ಟು ದಿನವೆಂದು ಲೆಕ್ಕ ಹಾಕುವ ಕೆಲಸ ಅವರ ಮೇಲೆ ಬೀಳುತ್ತದೆ. ಅದಕ್ಕಾಗಿ ದಿನಾಂಕವನ್ನೂ ಗಂಟೆಯನ್ನೂ ಸೇರಿಸಿ, ಕೋರಿಕೆಯನ್ನು ವಿಷಯದ ಸಾಲಿಗೂ ಮೊದಲ ವಾಕ್ಯವೃಂದಕ್ಕೂ ತಂದಿದ್ದೇನೆ. ನಾನು ಹಾಕಿರುವ ಮಾರ್ಚ್ 18ರ ಮಂಗಳವಾರ ಸಾಲದೆಂದು ಅನ್ನಿಸಿದರೆ ಈಗಲೇ ಬದಲಿಸು, ಏಕೆಂದರೆ ಎರಡನೆಯ ಸಲ ಕೇಳುವುದು ಬಹಳ ಕಷ್ಟ.

‘ಕರುಣಿಸಿ’, ‘ಜನ್ಮವಿಡೀ’, ‘ಇಲ್ಲವೆನ್ನಬೇಡಿ’ ಇವು ಮೂರೂ ಹೋಗಲೇಬೇಕು. ಇಲ್ಲವೆನ್ನುವ ಅಧಿಕಾರ ಅವರಿಗಿದೆ, ಅದನ್ನು ಬಳಸಿದರೆ ಅವರು ನಿರ್ದಯರು ಎಂಬಂತೆ ಆ ಕೊನೆಯ ಮಾತು ಒತ್ತಡ ತರುತ್ತದೆ. ‘ಪರಮಪೂಜ್ಯ’ ಎಂಬುದನ್ನೂ ಬಿಟ್ಟಿದ್ದೇನೆ. ತರಗತಿಯಲ್ಲಿ ನೀನು ಅವರನ್ನು ಕರೆಯುವಂತೆಯೇ ಇಲ್ಲಿಯೂ ಕರೆದರೆ ಗೌರವಕ್ಕೆ ಕೊರತೆಯಾಗುವುದಿಲ್ಲ.

ತಿದ್ದಿದ ಪತ್ರ ಇದು:

ವಿಷಯ: ಕ್ಷೇತ್ರಾಧ್ಯಯನ ಪ್ರಬಂಧ: ಮಾರ್ಚ್ 18ರವರೆಗೆ ಕಾಲಾವಕಾಶ ಕೋರಿ

ಮೇಡಂ, ನಮಸ್ಕಾರ.

ನಾನು ಎಂ.ಎ. ಸಮಾಜಶಾಸ್ತ್ರ ಎರಡನೆಯ ಸೆಮಿಸ್ಟರಿನ ವಿದ್ಯಾರ್ಥಿನಿ. ಮಾರ್ಚ್ 14, ಶುಕ್ರವಾರ ಸಲ್ಲಿಸಬೇಕಾದ ಕ್ಷೇತ್ರಾಧ್ಯಯನ ಪ್ರಬಂಧಕ್ಕೆ ಮಾರ್ಚ್ 18, ಮಂಗಳವಾರ ಸಂಜೆ 5 ಗಂಟೆಯವರೆಗೆ ಕಾಲಾವಕಾಶ ನೀಡಬೇಕೆಂದು ಕೋರುತ್ತೇನೆ.

ಆರು ಸಂದರ್ಶನಗಳ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ಬೇಕಾಗುವ ಸಮಯವನ್ನು ನಾನು ಸರಿಯಾಗಿ ಅಂದಾಜು ಮಾಡಿರಲಿಲ್ಲ. ಕಳೆದ ವಾರ ಎರಡು ದಿನ ಜ್ವರವೂ ಇತ್ತು, ಆದರೆ ತಡವಾಗಲು ಮುಖ್ಯ ಕಾರಣ ಮೊದಲನೆಯದೇ. ನಾಲ್ಕು ಸಂದರ್ಶನಗಳ ಬರಹ ಮುಗಿದಿದೆ. ಅಧ್ಯಯನ ವಿಧಾನದ ಭಾಗವೂ ಸಿದ್ಧವಾಗಿದ್ದು, ಅದನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಇನ್ನೆರಡು ಸಂದರ್ಶನಗಳು ಹಾಗೂ ವಿಶ್ಲೇಷಣೆ ಬಾಕಿ ಇವೆ.

ತಡವಾದ ಸಲ್ಲಿಕೆಗೆ ಅಂಕ ಕಡಿತದ ನಿಯಮ ಅನ್ವಯಿಸುವುದಾದರೆ ಅದಕ್ಕೆ ನನ್ನ ಒಪ್ಪಿಗೆಯಿದೆ. ಕಾಲಾವಕಾಶ ನೀಡಲು ಸಾಧ್ಯವಾಗದಿದ್ದರೆ, ಮುಗಿದಿರುವ ನಾಲ್ಕು ಸಂದರ್ಶನಗಳನ್ನಷ್ಟೇ ಆಧರಿಸಿ ಪ್ರಬಂಧವನ್ನು ಶುಕ್ರವಾರವೇ ಸಲ್ಲಿಸುತ್ತೇನೆ.

ವಂದನೆಗಳೊಂದಿಗೆ,
ಚಿತ್ರಾ

ಅಂಕ ಕಡಿತದ ವಾಕ್ಯ ನಾನು ಸೇರಿಸಿದ್ದು. ಅದಕ್ಕೆ ನೀನು ನಿಜವಾಗಿ ಸಿದ್ಧಳಿಲ್ಲದಿದ್ದರೆ ತೆಗೆದುಹಾಕು. ಒಳ್ಳೆಯದಾಗಿ ಕಾಣಲೆಂದು ಅದನ್ನು ಇಟ್ಟುಕೊಳ್ಳಬೇಡ. ಶುಕ್ರವಾರದ ಮಾತಿಗೂ ಇದೇ ಅನ್ವಯಿಸುತ್ತದೆ. ನಾಲ್ಕು ಸಂದರ್ಶನಗಳಿಂದ ಪ್ರಬಂಧ ನಿಲ್ಲುವುದಿಲ್ಲ ಎಂದಾದರೆ ಹಾಗೆಂದೇ ಬರೆಯೋಣ.

ಲಗತ್ತಿನಲ್ಲಿ ವಿಧಾನದ ಭಾಗ ಮಾತ್ರ ಇರಲಿ. ಸಂದರ್ಶನಗಳ ಬರಹದಲ್ಲಿ ಮಾತನಾಡಿದವರ ಹೆಸರುಗಳಿವೆ, ಅವನ್ನು ಮರೆಮಾಡದೆ ಯಾರಿಗೂ ಕಳುಹಿಸಬಾರದು. ಇಂದು ಮಂಗಳವಾರ, ಪತ್ರ ಈ ಸಂಜೆಯೇ ಹೋದರೆ ಯೋಚಿಸಿ ಉತ್ತರಿಸಲು ಅವರಿಗೆ ಸಮಯ ಸಿಗುತ್ತದೆ. ಉತ್ತರ ಬರುವವರೆಗೆ ಶುಕ್ರವಾರವೇ ಕೊನೆಯ ದಿನವೆಂದು ತಿಳಿದು ಐದನೆಯ ಸಂದರ್ಶನದ ಕೆಲಸ ಮುಂದುವರಿಸು.

ನಿನ್ನ ಅಕ್ಕ