ರಿಲೀಸ್ ವಿಂಡೋ ಯಾಕೆ ಯುಟಿಸಿಲಿ ಫಿಕ್ಸ್ ಮಾಡಿದೀವಿ

ಎಲ್ರಿಗೂ ನಮಸ್ಕಾರ, ಇನ್ಮೇಲೆ ರಿಲೀಸ್ ವಿಂಡೋ ಪ್ರತಿ ಮಂಗಳವಾರ 14:00ರಿಂದ 16:00 ಯುಟಿಸಿ, ಇದು ವರ್ಷಪೂರ್ತಿ ಬದಲಾಗಲ್ಲ. ಲಂಡನ್, ನ್ಯೂಯಾರ್ಕ್‌ನವ್ರ ಗಡಿಯಾರ ವರ್ಷಕ್ಕೆರಡು ಸಲ ಒಂದು ಗಂಟೆ ಆಚೀಚೆ ಆಗುತ್ತೆ, ಅದೂ ಒಂದೇ ದಿನ ಅಲ್ಲ, ಮಾರ್ಚಲ್ಲಿ ಅಮೆರಿಕದವ್ರು ಮೊದ್ಲು ಬದಲಾಯಿಸ್ತಾರೆ, ಯುರೋಪ್‌ನವ್ರು ತಿಂಗಳ ಕೊನೇ ಭಾನುವಾರ, ಹಾಗಾಗಿ ನಡುವೆ ಒಂದಷ್ಟು ದಿನ ಇಬ್ರ ಅಂತರ 5 ಗಂಟೆ ಬದ್ಲು 4 ಗಂಟೆ ಇರುತ್ತೆ, ಲೋಕಲ್ ಟೈಮ್ ನಂಬ್ಕೊಂಡ್ರೆ ಆನ್‌ಕಾಲ್‌ನವ್ರು ಬರೋ ಮುಂಚೆನೇ ಡಿಪ್ಲಾಯ್ ಶುರುವಾಗ್ಬಿಡುತ್ತೆ. ಗಡಿಯಾರ ಹಿಂದಕ್ಕೆ ಹೋಗೋ ರಾತ್ರಿಯಂತೂ ಒಂದೇ ಗಂಟೆ ಎರಡು ಸಲ ಬರುತ್ತೆ, ಲಾಗ್ ಓದೋವಾಗ ಯಾವುದು ಮೊದ್ಲು ಆಯ್ತು ಅಂತಾನೇ ಗೊತ್ತಾಗಲ್ಲ.

ಭಾರತದಲ್ಲಿರೋರಿಗೆ ಇದು ಯಾವಾಗ್ಲೂ ಸಂಜೆ 7:30. ತಡ ಆಗುತ್ತೆ ಅಂತ ಗೊತ್ತು, ಅದಕ್ಕೆ ಬುಧವಾರ ಬೆಳಿಗ್ಗೆ ನಿಮಗೆ ಮೀಟಿಂಗ್ ಇಡಲ್ಲ. ಟಿಕೆಟಲ್ಲಿ ಟೈಮ್ ಬರೆಯೋವಾಗ ದಯವಿಟ್ಟು ಯುಟಿಸಿನೇ ಹಾಕಿ, ಡೌಟ್ ಇದ್ರೆ `date -u` ಹೊಡೆದು ನೋಡ್ಕೊಳ್ಳಿ.