ಸುಮಿ, ನಿನ್ನ ಮಗಳ ಕೌದಿ ತಯಾರಾತು ನೋಡು

ಸುಮಿ, ಫೋಟೋ ಝೂಮ್ ಮಾಡಿ ನೋಡು, ಏನೂ ಮುಚ್ಚಿಟ್ಟಿಲ್ಲ, ಫಿಲ್ಟರ್ ಸುದ್ದಾ ಹಾಕಿಲ್ಲ. ಎಡಗಡಿ ಬಾಜು ಬಲಗಡಿಕಿಂತ ಎರಡು ಬೆರಳು ಗಿಡ್ಡ ಅದ, ನಡುವ ಒಂದು ಕಡಿ ಉಬ್ಬಿ ನಿಂತದ, ಕೆಂಪು ದಾರದ ಸಾಲು ಒಂದೂ ನೆಟ್ಟಗಿಲ್ಲ. ಹಿಂಗೇ ಕೊಡ್ಲತ್ತೀನಿ, ಭಾಳ ಖುಷಿಲೆ ಕೊಡ್ಲತ್ತೀನಿ.

ಶರಣಬಸಪ್ಪನ ಜಾತ್ರಿ ಮುಗದ ಮ್ಯಾಲ ಶುರು ಮಾಡಿದ್ದು, ಆವಾಗ ನಿನಗ ಆರು ತಿಂಗಳು. ಕಾರಹುಣ್ಣಿಮಿಗೆ ಕಡೀ ಸಾಲು ಮುಗೀತು, ಆಮ್ಯಾಲ ವಾರದಾಗೇ ನಿನ್ನ ಮಗಳು ಬಂದ್ಳು. ಅಂಚಿನ ಕಡಿ ಹೊಲಿಗಿ ಉದ್ದುದ್ದ ಅದಾವಲ್ಲ, ಅವು ಸಾಲಿ ಸೂಟಿ ದಿನದ್ದು, ನಮ್ಮ ಕಲಬುರಗಿ ಬ್ಯಾಸಗಿ ನಿನಗ ಹೇಳೋದೇನದ, ಹೊರಗ 42 ಡಿಗ್ರಿ, ಕೈ ಬೆವ್ರಿ ಸೂಜಿ ಜಾರ್ತಿತ್ತು, ಹೊಲಿಯೋದು ಕಮ್ಮಿ ಕೈ ಒರಿಸ್ಕೊಳ್ಳೋದು ಜಾಸ್ತಿ. ಒಳಗ ಬಂದಂಗ ಹೊಲಿಗಿ ಸಣ್ಣಾಗ್ಯಾವ, ಆದ್ರ ಸಾಲು ಸೊಟ್ಟ ಆಗ್ಯಾವ, ಅವು ಸಾಲಿ ಶುರುವಾದ ಮ್ಯಾಲ ರಾತ್ರಿ ಕುಂತು ಹೊಲ್ದಿದ್ದು. ಕೌದಿ ಅಂಚಿಂದ ಸುತ್ತ ಹೊಲ್ಕೋತ ಹೊಲ್ಕೋತ ನಡುವಿಗೆ ಬಂದೀನಿ, ಹಂಗಾಗಿ ಯಾವ ಸಾಲು ಯಾವ ತಿಂಗಳದ್ದು ಅಂತ ನಾನು ಕಣ್ಣು ಮುಚ್ಚಿ ಬೆರಳಾಡಿಸಿ ಹೇಳ್ತೀನಿ.

ಹೊಸಾ ಬಟ್ಟಿ ಇದ್ರಾಗ ಒಂದೂ ಇಲ್ಲ. ಒಳಗ ಎರಡು ಪದರು ನಮ್ಮ ಮುತ್ಯಾನ ಧೋತ್ರ, ಮ್ಯಾಲ ಆಯಿಯ ಹಸರು ಸೀರಿ, ಅವ್ವನ ಇಳಕಲ್ ಸೀರಿ ದಡಿ ಸುತ್ತಲೂ. ಎಷ್ಟೋ ವರ್ಷ ಒಗದ ಒಗದ ಸವದ ಕಾಟನ್ ಇರ್ತದಲ್ಲ, ಅಷ್ಟು ಮೆತ್ತಗಿಂದು ಯಾವ ಅಂಗಡ್ಯಾಗೂ ಸಿಗಂಗಿಲ್ಲ, ನಾನು ಸೂಪರ್ ಮಾರ್ಕೆಟ್ ಪೂರಾ ತಿರುಗಿ ನೋಡೀನಿ. ಕೂಸಿನ ಮೈಗೆ ಇದೇ ಬೇಕು.

ಈಗ ಆ ಉಬ್ಬಿದ್ದ ಕಡಿ ಬಾ. ಬಣ್ಣ ನೋಡಿ ಗುರ್ತು ಹತ್ತಿರಬೇಕು. ಹೌದು, ನಮ್ಮ ಬಿ.ಎಡ್ ಯೂನಿಫಾರ್ಮ್ ಸೀರಿ, ಅರ್ಧ ತುಂಡು ನಂದು, ಅರ್ಧ ನಿಂದು, ರೂಮ್ ಖಾಲಿ ಮಾಡುಮುಂದ ನೀ ಬಿಟ್ಟು ಹೋಗಿದ್ದಿ ನೋಡು ಅದು. ಆ ಬಟ್ಟಿ ಕಾಟನ್ ಅಲ್ಲ, ಜಾರ್ತದ, ಕೌದಿಗೆ ಹಾಕಬಾರ್ದು ಅಂತ ಆಯಿ ಮೊದಲೇ ಹೇಳಿದ್ಲು. ಹಾಕಿದೆ. ಕೆಳಗಿನ ಪದರು ಒಂದು ಕಡಿ ಹೋಯ್ತು, ಇದು ಒಂದು ಕಡಿ ಹೋಯ್ತು, ನಡುವಿಗೆ ಬರೋದ್ರಾಗ ಎಲ್ಲಾ ಅಲ್ಲೇ ಕೂಡಿ ಉಬ್ಬಿತು. ಒಂದು ರಾತ್ರಿ ಆ ಸಾಲು ಬಿಚ್ಚಿದೆ ಸುಮಿ, ಬಿಚ್ಚಿದ್ರ ಹಳೀ ಸೀರ್ಯಾಗ ಸಣ್ಣ ಸಣ್ಣ ತೂತು ಬಿದ್ದು ಹರಿಯಾಕ ಹತ್ತಿತು, ನನಗ ಅಳು ಬಂತು. ಆಯಿ ಬಂದು ಕೈ ಹಿಡದ್ಲು, ಬಿಚ್ಚಬ್ಯಾಡವಾ ಇನ್ನ, ಅದರ ಮ್ಯಾಲೇ ಹೊಲಿ ಅಂದ್ಲು. ಅದರ ಮ್ಯಾಲೇ ಹೊಲ್ದೆ. ಅಲ್ಲಿ ದಾರ ಡಬಲ್ ಅದ ನೋಡು, ಇಡೀ ಕೌದ್ಯಾಗ ಗಟ್ಟಿ ಜಾಗಾ ಅದೇ.

ಚಿಗವ್ವ ಮಷಿನ್ ಮ್ಯಾಲ ಹಾಕು, ಎರಡು ತಾಸಿನ ಕೆಲಸ ಅಂದ್ಲು. ಖರೇ ಅದ, ಚಂದನೂ ಆಗ್ತಿತ್ತು. ಆದ್ರ ನನಗ ಎರಡು ತಾಸಿಂದು ಕೊಡೋದಿರಲಿಲ್ಲ ನಿನಗ. ಫಸ್ಟ್ ಇಯರ್ ಡಿಸೆಂಬರ್ ನೆನಪದ ಏನ, ನಾನು ಒಂದು ತೆಳ್ಳನ ಚಾದರ ತಗೊಂಡು ಹಾಸ್ಟೆಲಿಗೆ ಬಂದಿದ್ದೆ, ರಾತ್ರಿ ಥಂಡಿಗೆ ಹಲ್ಲು ಕಟಕಟ ಅಂತಿದ್ವು, ನಿನ್ನ ಗುರ್ತು ಆಗಿ ಇನ್ನ ಮೂರು ದಿನ ಆಗಿತ್ತು, ನೀ ಏನೂ ಕೇಳದೇ ಎದ್ದು ಬಂದು ನಿಮ್ಮವ್ವ ಹೊಲ್ದ ಕೌದಿ ಅರ್ಧ ನನ್ನ ಮ್ಯಾಲ ಎಳದಿ. ಆ ಕೌದಿನೂ ಒಂದು ಮೂಲಿ ಸೊಟ್ಟ ಇತ್ತು, ಎರಡು ವರ್ಷ ಆ ಮೂಲಿ ಹಿಡ್ಕೊಂಡೇ ಮಲಗೀನಿ ನಾನು.

ಕಡೀ ಮೂಲಿ ಮುಚ್ಚುಮುಂದ ಆಯಿ ಒಂದು ಚೂರು ಒಣಾ ಜ್ವಾಳದ ರೊಟ್ಟಿ ಒಳಗಿಟ್ಟು ಹೊಲಿ ಅಂದ್ಲು, ಕೌದಿ ಹಸಗೊಂಡು ಇರಬಾರ್ದಂತ. ಇಟ್ಟೀನಿ. ಕೆಳಗ ಬಲಗಡಿ ಮೂಲಿ ಮುಟ್ಟಿ ನೋಡು, ಕೈಗೆ ಹತ್ತತದ.

ಐತಾರ ತೊಟ್ಲಕ್ಕ ಬರ್ತೀನಿ, ಕೌದಿ ನಾನೇ ಹಾಸ್ತೀನಿ, ಉಬ್ಬಿದ್ದು ಕಾಲಿನ ಕಡಿ ಬರಂಗ. ವಾಷಿಂಗ್ ಮಷಿನ್‌ದಾಗ ಹಾಕಬ್ಯಾಡ, ಕೈಲೆ ಒಗದು ನೆಳ್ಳಾಗ ಒಣಗ್ಸು. ಎಲ್ಲೆರ ದಾರ ಬಿಚ್ಚಿದ್ರ ಮಂದಿ ಕೈಗೆ ಕೊಡಬ್ಯಾಡ, ನನಗ ಫೋನ್ ಮಾಡು. ಇದೇ ಕೆಂಪು ದಾರದ್ದು ಒಂದು ಉಂಡಿ ತೆಗದಿಟ್ಟೀನಿ.