ಕಂಡಕ್ಟರನ ಹೆಬ್ಬೆರಳು

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವುದು ಐದೇ ನಿಮಿಷ. ಈ ಸಂಕಲನದ ಕಥೆಗಳನ್ನೆಲ್ಲ ಇಲ್ಲೇ ಹೇಳಿ ನಿಮ್ಮ ಓದಿಗೆ ಕಲ್ಲು ಹಾಕುವುದಿಲ್ಲ. ನಾನೂ ಕಥೆ ಬರೆಯುವವನು. ಓದುತ್ತಾ ಹೊಟ್ಟೆಕಿಚ್ಚು ಪಟ್ಟ ಒಂದೆರಡು ಜಾಗಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲ ಕಥೆಯನ್ನೇ ತೆಗೆದುಕೊಳ್ಳಿ. ನಿವೃತ್ತನಾದ ಬಸ್ ಕಂಡಕ್ಟರ್ ಒಬ್ಬ ಬಾಗಿಲ ಬಳಿ ಕೂತು ಚಿಲ್ಲರೆ ಎಣಿಸುತ್ತಿದ್ದಾನೆ. ಒಂದೊಂದು ನಾಣ್ಯದ ಅಂಚನ್ನೂ ಹೆಬ್ಬೆರಳಲ್ಲಿ ಸವರುತ್ತಾನೆ. ಹಳೇ ಕಸುಬಿನ ಅಭ್ಯಾಸ ಇರಬೇಕು ಅಂದುಕೊಂಡು ನಾವು ಮುಂದೆ ಹೋಗುತ್ತೇವೆ. ಆರು ಪುಟ ಆದ ಮೇಲೆ ಮಗಳು ಒಂದು ಅರ್ಜಿ ತಂದು ಕೊಡುತ್ತಾಳೆ. "ನೀನೇ ಓದಮ್ಮ, ಕನ್ನಡಕ ಎಲ್ಲಿಟ್ಟೆನೋ" ಅನ್ನುತ್ತಾನೆ. ಕನ್ನಡಕ ಅವನ ಅಂಗಿ ಜೇಬಲ್ಲೇ ಇದೆ. ಮಗಳಿಗೂ ಅದು ಕಾಣುತ್ತಿದೆ. ಅವಳು ಏನೂ ಅನ್ನದೆ ಓದಲು ಶುರು ಮಾಡುತ್ತಾಳೆ.

ನಾನು ತಕ್ಷಣ ಮೊದಲ ಪುಟಕ್ಕೆ ಹೋದೆ. ಹೆಬ್ಬೆರಳು ಮೂರನೇ ಸಾಲಲ್ಲೇ ಇತ್ತು! ಬೇರೆಯವರು ಬಿಡಿ, ನಾನೇ ಆಗಿದ್ದರೆ ಆ ವಿಷಯವನ್ನು ಬಚ್ಚಿಟ್ಟು ಕೊನೆಗೆ ಬಿಚ್ಚುತ್ತಿದ್ದೆ. ನಮ್ಮ ಲೇಖಕಿ ಬಚ್ಚಿಡಲೇ ಇಲ್ಲ. ಅದರ ಹಿಂದೆ ಮುಂದೆ ಪಕ್ಕದ ಮನೆಯವನ ಬಗ್ಗೆ ಒಂದೊಂದು ತಮಾಷೆ ಇಟ್ಟರು. ನಾವು ನಗುತ್ತಾ ದಾಟಿಬಿಟ್ಟೆವು. ಎರಡನೇ ಸಲ ಓದುವಾಗ ಆ ನಗು ಸ್ವಲ್ಪ ಕಷ್ಟ, ಅಲ್ವಾ?

ಇನ್ನು ಮಾತುಕತೆ. ಅಣ್ಣ ತಮ್ಮ ಮನೆ ಸಾಮಾನು ಹಂಚಿಕೊಳ್ಳುವ ಕಥೆಯಲ್ಲಿ ನಾಲ್ಕು ಪುಟ ಬರೀ ಸಂಭಾಷಣೆ. "ಅಣ್ಣ ಹೇಳಿದ", "ತಮ್ಮ ಕೇಳಿದ" ಅಂತ ಒಂದು ಕಡೆಯೂ ಇಲ್ಲ. ಆದರೂ ಯಾರ ಮಾತು ಅಂತ ಗೊಂದಲ ಆಗುವುದಿಲ್ಲ. ಅಣ್ಣನದು ಲೆಕ್ಕದ ಮಾತು, ಪೂರ್ತಿ ವಾಕ್ಯ. ತಮ್ಮ ಯಾವ ವಾಕ್ಯವನ್ನೂ ಮುಗಿಸುವುದಿಲ್ಲ. ಕೊನೆಗೆ ಅಪ್ಪನ ಟಾರ್ಚಿನ ಸರದಿ ಬರುತ್ತದೆ. ಆಗ "ಇದನ್ನ ನೀನೇ..." ಅಂತ ಒಂದು ಮಾತು ಅರ್ಧಕ್ಕೇ ನಿಲ್ಲುತ್ತದೆ. ತಮ್ಮ ಹೇಳಿದ್ದು ಅಂದುಕೊಂಡೆ. ಮೇಲಿಂದ ಸಾಲು ಲೆಕ್ಕ ಹಾಕಿ ನೋಡಿದರೆ ಹೇಳಿದವನು ಅಣ್ಣ. ಅವನು ಅತ್ತ ಅಂತ ಬರೆಯುವ ಅಗತ್ಯವೇ ಬೀಳಲಿಲ್ಲ.

ಹೊಗಳುವ ಸಭೆಯಲ್ಲಿ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಏಳನೇ ಕಥೆಯಲ್ಲಿ ಬರುವ ಪತ್ರ ನನಗೆ ಜಾಸ್ತಿ ಅನ್ನಿಸಿತು. ಅದರಲ್ಲಿರುವುದೆಲ್ಲ ಓದುಗರಿಗೆ ಅಷ್ಟರೊಳಗೆ ಗೊತ್ತಾಗಿರುತ್ತದೆ. ಕರಡು ಓದಿದಾಗಲೂ ಹೇಳಿದ್ದೆ, ಇವರು ಒಪ್ಪಲಿಲ್ಲ. ಈಗಲೂ ತಲೆ ಅಲ್ಲಾಡಿಸುತ್ತಿದ್ದಾರೆ, ನೋಡಿ.

ಸರಿ, ನನ್ನ ಸಮಯ ಮುಗಿಯಿತು. ಲೇಖಕಿ ಈಗ ಒಂದು ಭಾಗ ಓದುತ್ತಾರೆ. ಟಾರ್ಚಿನ ಪುಟವನ್ನೇ ಓದಿ ಅಂತ ನನ್ನ ಕೋರಿಕೆ. ಇಬ್ಬರಿಗೂ ದನಿ ಬದಲಿಸದೆ ಓದಿ, ಯಾರ ಮಾತು ಯಾವುದು ಅಂತ ಸಭೆಯೇ ಹೇಳಲಿ.